ಸರಕು ತುಂಬುವ ಮುಂಚೆ ಕಂಟೇನರ್ ಒಳಗೆ ನಿಂತು ಬಾಗಿಲು ಹಾಕಿಸಿ

ಖಾಲಿ ಕಂಟೇನರ್ ಬಂದ ಕೂಡಲೇ ಸರಕು ತುಂಬಬೇಡಿ. ಹಗಲಲ್ಲಿ ಒಳಗೆ ಹೋಗಿ, ಎರಡೂ ಬಾಗಿಲು ಹೊರಗಿನಿಂದ ಹಾಕಿಸಿ, ಎರಡು ನಿಮಿಷ ಕತ್ತಲಲ್ಲಿ ನಿಂತು ಸುತ್ತ ನೋಡಿ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿಂದ ನೀರು ಒಳಗೆ ಬರುತ್ತದೆ. ಹೊರಗೆ ನಿಂತು ನೋಡಿದರೆ ಇಂಥ ತೂತು ಬಣ್ಣ, ತುಕ್ಕಿನ ನಡುವೆ ಗೊತ್ತೇ ಆಗುವುದಿಲ್ಲ. ಚಾವಣಿಯ ನಾಲ್ಕು ಮೂಲೆಗಳನ್ನು ಜಾಸ್ತಿ ಗಮನಿಸಿ. ಕಂಟೇನರನ್ನು ಹಿಡಿದೆತ್ತುವ ಕ್ರೇನಿನ ಚೌಕಟ್ಟು, ಅಂದರೆ ಸ್ಪ್ರೆಡರ್, ಮೂಲೆಯ ರಂಧ್ರಕ್ಕೆ ಸರಿಯಾಗಿ ಕೂರದೆ ಪಕ್ಕದ ತಗಡಿಗೆ ಬಡಿಯುವುದು ಅಲ್ಲೇ. ಹಡಗಿನ ಡೆಕ್ ಮೇಲೆ ನಿಮ್ಮ ಪೆಟ್ಟಿಗೆ ಎಲ್ಲಕ್ಕಿಂತ ಮೇಲಿನ ಸಾಲಿಗೆ ಬಂದರೆ ಮಳೆ ನೇರ ಆ ಚಾವಣಿಗೇ ಬೀಳುತ್ತದೆ. ಯಾವ ಸಾಲು ಅನ್ನುವುದು ನಿಮ್ಮ ಕೈಲಿಲ್ಲ, ಅಲ್ವಾ? ಬೆಳಕು ಕಂಡರೆ ಫೋಟೋ ತೆಗೆದು ಬೇರೆ ಕಂಟೇನರ್ ಕೇಳಿ. ಟೇಪ್ ಅಂಟಿಸಿ ಸುಮ್ನೆ ಕಳಿಸಬೇಡಿ. ಆದರೆ ಈ ಪರೀಕ್ಷೆ ಒಳಗೇ ಇರುವ ತೇವವನ್ನು ಹಿಡಿಯುವುದಿಲ್ಲ. ಹಸಿ ಮರದ ಪ್ಯಾಲೆಟ್ ಅಥವಾ ಒದ್ದೆ ನೆಲಹಲಗೆ ಇದ್ದರೆ, ಹಗಲಿನ ಬಿಸಿಗೆ ತೇವ ಆವಿಯಾಗಿ, ರಾತ್ರಿ ತಣ್ಣಗಾದ ಚಾವಣಿಗೆ ತಾಗಿ ಹನಿಯಾಗಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಒಂದೂ ತೂತಿಲ್ಲದ ಪೆಟ್ಟಿಗೆಯಲ್ಲೂ ರಟ್ಟಿನ ಡಬ್ಬಗಳ ಮೇಲ್ಭಾಗ ಮಾತ್ರ ನೆನೆದಿದ್ದರೆ ಕಾರಣ ಬಹುಶಃ ಇದೇ. ಅದಕ್ಕೆ ಒಣ ಪ್ಯಾಲೆಟ್ ಮತ್ತು ತೇವ ಹೀರುವ ಚೀಲಗಳೇ ದಾರಿ. ಇನ್ನೊಂದು ಮಾತು: ಹಿಂದಿನ ಸರಕಿಗೆ ಹೊಡೆದ ಕೀಟನಾಶಕ ಹೊಗೆ ಒಳಗೆ ಉಳಿದಿರಬಹುದು. ಮೊದಲು ಬಾಗಿಲು ತೆರೆದಿಟ್ಟು ಚೆನ್ನಾಗಿ ಗಾಳಿಯಾಡಿಸಿ. ಎಚ್ಚರಿಕೆಯ ಚೀಟಿ ಅಂಟಿಸಿದ್ದರೆ ಅಥವಾ ವಿಚಿತ್ರ ವಾಸನೆ ಬಂದರೆ ಒಳಗೆ ಹೋಗಲೇಬೇಡಿ. ಬಾಗಿಲನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ, ಹೊರಗೆ ಒಬ್ಬರು ಅಲ್ಲಿಂದ ಕದಲದೆ ನಿಂತಿರಲೇಬೇಕು.