ಹಳೆಯ ಮ್ಯಾನೇಜರಿಗೆ ಒಂದು ಪುಟದ ಟಿಪ್ಪಣಿ: ನನ್ನ ಅನುಭವ

ಹೊಸ ಕೆಲಸದ ಅರ್ಜಿಯಲ್ಲಿ, ನನ್ನ ಬಗ್ಗೆ ವಿಚಾರಿಸಲು ರೆಫರೆನ್ಸ್‌ಗೆ ಹೆಸರು ಕೊಡುವ ಮುನ್ನ ಹಳೆಯ ಮ್ಯಾನೇಜರಿಗೆ ಒಂದು ಪುಟ ಬರೆದು ಕಳುಹಿಸುತ್ತೇನೆ ಎಂದಾಗ, ‘ಅಷ್ಟು ದೊಡ್ಡವರಿಗೆ ನೀನು ಪಾಠ ಹೇಳುತ್ತೀಯಾ?’ ಎಂದು ರೂಮಿನವರೆಲ್ಲ ಕೇಳಿದ್ದರು. ತುಮಕೂರಿನ ವಸಂತನರಸಾಪುರದಲ್ಲಿ ತಗಡಿನಿಂದ ಬಿಡಿಭಾಗ ಒತ್ತುವ ಪ್ರೆಸ್ ಶಾಪ್ ಬಿಟ್ಟು ಈಗ ಕೋಲಾರದ ನರಸಾಪುರದಲ್ಲಿ ಸಪ್ಲೈಯರ್ ಕ್ವಾಲಿಟಿ ಕೆಲಸದಲ್ಲಿದ್ದೇನೆ. ಸಂಬಳ ತಿಂಗಳಿಗೆ ಸುಮಾರು 9,000 ರೂಪಾಯಿ ಹೆಚ್ಚಾಗಿದೆ. ಇನ್ನು ಧೈರ್ಯವಾಗಿ ಬರೆಯಬಹುದು.

ಮೊದಲು ಎಲ್ಲರಂತೆ ಅರ್ಜಿಯಲ್ಲಿ ಆ ಮ್ಯಾನೇಜರ್ ಸರ್ ಅವರ ಬರೀ ನಂಬರ್ ಕೊಡುತ್ತಿದ್ದೆ. ಒಂದು ಕಡೆಯಿಂದ ಫೋನ್ ಬಂದಾಗ ಸರ್ ಯಂತ್ರಗಳ ಸದ್ದಿನ ನಡುವೆ ಇದ್ದರು. ‘ಒಳ್ಳೆಯ ಹುಡುಗ, ಕಷ್ಟಪಡುತ್ತಾನೆ’ ಎಂದಷ್ಟೇ ಹೇಳಿ ಇಟ್ಟರಂತೆ. ಇನ್ನೊಂದು ಕಡೆ, ನಾನು ಕೆಲಸ ಬಿಟ್ಟ ಕಾರಣ ಅರ್ಜಿಯಲ್ಲಿ ಒಂದು, ಅವರ ಬಾಯಲ್ಲಿ ಇನ್ನೊಂದು. ಆ ಕೆಲಸವೂ ಹೋಯಿತು, ಓಡಾಟಕ್ಕೆಂದು ಎರಡು ಸಾವಿರದಷ್ಟು ಖರ್ಚೂ ಆಯಿತು.

ಈ ಸಲ ಮೊದಲು ಒಪ್ಪಿಗೆ ಕೇಳಿದೆ. ‘ಸರ್, ನಿಮ್ಮ ಕಂಪನಿಯ ನಿಯಮ ಅಡ್ಡ ಬಂದರೆ ಅಥವಾ ಮನಸ್ಸಿಲ್ಲದಿದ್ದರೆ ಹೇಳಿಬಿಡಿ, ಬೇರೆಯವರನ್ನು ಕೇಳುತ್ತೇನೆ’ ಎಂದು ಬರೆದೆ. ಬೇಡ ಎನ್ನಲು ದಾರಿ ಬಿಡುವುದು ಮುಖ್ಯ. ದಾಕ್ಷಿಣ್ಯಕ್ಕೆ ಒಪ್ಪಿದವರು ಫೋನಿನಲ್ಲಿ ತಡವರಿಸುತ್ತಾರೆ, ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸರ್ ಒಪ್ಪಿದರು. ಆದರೆ ಈಗಿನ ಕಂಪನಿಯ ಮೇಲ್‌ನಿಂದ ಉತ್ತರಿಸಲಾರೆ, ವೈಯಕ್ತಿಕವಾಗಿ ಫೋನಿನಲ್ಲಿ ಮಾತನಾಡುತ್ತೇನೆ ಎಂದರು. ಅದನ್ನು ಹೊಸ ಕಂಪನಿಯ ಎಚ್‌ಆರ್‌ಗೆ ಮೊದಲೇ ತಿಳಿಸಿದೆ; ಕಚೇರಿಯ ಮೇಲ್ ಐಡಿಯೇ ಬೇಕೆಂದು ಪರಿಶೀಲನೆಯವರು ಕೆಲವೊಮ್ಮೆ ಪಟ್ಟು ಹಿಡಿಯುತ್ತಾರೆ.

ಟಿಪ್ಪಣಿಯ ಮೇಲ್ಭಾಗದಲ್ಲಿ ರಿಲೀವಿಂಗ್ ಲೆಟರಿನಲ್ಲಿ ಇದ್ದಂತೆಯೇ ಹುದ್ದೆ, ಸೇರಿದ ಮತ್ತು ಬಿಟ್ಟ ತಿಂಗಳು, ಬಿಟ್ಟ ಕಾರಣ. ಕೆಳಗೆ ಹೊಸ ಹುದ್ದೆಯ ಕೆಲಸ ಮೂರು ಸಾಲಿನಲ್ಲಿ. ಆಮೇಲೆ ಅವರ ಕಣ್ಣೆದುರೇ ನಡೆದ ಎರಡು ಘಟನೆ. ನನಗೆ ಹೆಮ್ಮೆಯದು ಲೈನ್ ಇನ್‌ಸ್ಪೆಕ್ಷನ್ ಕೆಲಸ, ಅದನ್ನು ಕೈಬಿಟ್ಟೆ. ಹೊಸ ಕೆಲಸ ಸಪ್ಲೈಯರ್‌ಗಳ ಜೊತೆಗಿನದು. ಹಾಗಾಗಿ ಬ್ರಾಕೆಟ್ಟಿನ ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಲೋಹದ ವಿಷಯ ಬರೆದೆ: ಸಪ್ಲೈಯರ್ ಶೆಡ್ಡಿಗೇ ಹೋಗಿ, ಡೈ ಯಾವಾಗ ಸಾಣೆ ಹಿಡಿಯಬೇಕೆಂದು ಹೊಡೆತಗಳ ಲೆಕ್ಕದಲ್ಲಿ ನಿಗದಿ ಮಾಡಿಸಿದ್ದು, ರಿಜೆಕ್ಷನ್ ನಾಲ್ಕು ಶೇಕಡದಿಂದ ಒಂದೂವರೆಯ ಆಸುಪಾಸಿಗೆ ಇಳಿದದ್ದು. ‘ನಿಮಗೆ ನೆನಪಿರುವಷ್ಟನ್ನೇ ಹೇಳಿ ಸರ್’ ಎಂದೂ ಸೇರಿಸಿದೆ. ಬಾಯಿಪಾಠದ ಮಾತು ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ.

ನನ್ನ ಕೊರತೆ ಏನೆಂಬ ಪ್ರಶ್ನೆಗೂ ಒಂದು ಸಾಲು ಇತ್ತು. ಅದು ಏನೆಂದು ಇಲ್ಲಿ ಬಿಟ್ಟುಕೊಡುವುದಿಲ್ಲ.

ಇದನ್ನೇ ಇನ್ನೊಬ್ಬ ಹಳೆಯ ಮೇಲಧಿಕಾರಿಗೆ ವಾಯ್ಸ್ ಮೆಸೇಜ್ ಮಾಡಿ ನೋಡಿದೆ. ಕೇಳಿದರು, ಮರೆತರು. ಬರಹವಾದರೆ ಫೋನ್ ಬಂದಾಗ ತೆರೆದು ನೋಡಬಹುದು.

ಎಚ್‌ಆರ್‌ನವರು ರೆಫರೆನ್ಸ್‌ನ ಹೆಸರು ಕೇಳಿದ ದಿನವೇ, ಯಾವ ಕಂಪನಿಯಿಂದ ಯಾವ ವಾರ ಫೋನ್ ಬರಬಹುದೆಂದು ಸರ್‌ಗೆ ತಿಳಿಸಿದೆ. ಇಲ್ಲದಿದ್ದರೆ ಗೊತ್ತಿಲ್ಲದ ನಂಬರನ್ನು ಅವರು ಎತ್ತುವುದೇ ಇಲ್ಲ. ಮಾತು ಹತ್ತು ಹನ್ನೆರಡು ನಿಮಿಷ ನಡೆಯಿತಂತೆ, ಅರ್ಧ ಹೊತ್ತು ಆ ಬರ್ ವಿಷಯವೇ. ಆಫರ್ ಲೆಟರ್ ಅದೇ ವಾರ ಬಂತು.