ಚಿಕ್ಕಪ್ಪನ ಚಲನ್: ಅದು ಮೂರೋ ಎಂಟೋ?

ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಟ್ರಾಫಿಕ್ ಚಲನ್‌ನ ಸ್ಕ್ರೀನ್‌ಶಾಟ್ ಕಳಿಸಿ, "ಸಾವಿರ ರೂಪಾಯಿ ಕಣೋ, ಸುಮ್ನೆ ಕಟ್ಟಿಬಿಡ್ಲಾ?" ಎಂದು ಕೇಳಿದರು. "ಒಂದು ದಿನ ತಡೀರಿ ಚಿಕ್ಕಪ್ಪ" ಅಂದೆ.

ಮೊದಲು ಸೆಕ್ಷನ್ ನೋಡಿದೆ. 194D, ಅಂದರೆ ಹೆಲ್ಮೆಟ್ ಇಲ್ಲ ಅಂತ. ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 1000 ರೂಪಾಯಿ ದಂಡ. ಕರ್ನಾಟಕದಲ್ಲಿ 2019ರಲ್ಲಿ ಅದನ್ನು 500ಕ್ಕೆ ಇಳಿಸಿದರು. ಹಾಗಾದರೆ ಸಾವಿರ ಹೇಗಾಯ್ತು? ಚಿತ್ರ ದೊಡ್ಡದು ಮಾಡಿದಾಗ ಎರಡು ಸಾಲು ಕಂಡವು. ಓಡಿಸಿದವರಿಗೊಂದು, ಹಿಂದೆ ಕೂತವರಿಗೊಂದು. ಲೆಕ್ಕವೇನೋ ಸರಿ. ಆದರೆ ಚಿಕ್ಕಪ್ಪನ ಸ್ಕೂಟರಿನ ಹಿಂದಿನ ಸೀಟಲ್ಲಿ ತರಕಾರಿ ಚೀಲ ಬಿಟ್ಟರೆ ಯಾರೂ ಕೂತದ್ದು ನಾನು ನೋಡಿಲ್ಲ.

ಕೊನೆಯ ದಿನಾಂಕ ಸ್ಕ್ರೀನ್‌ಶಾಟಲ್ಲಿ ಇರಲೇ ಇಲ್ಲ, ಕೆಳಭಾಗ ಕತ್ತರಿಸಿಹೋಗಿತ್ತು. ಅಲ್ಲಿದ್ದ ಒಂದೇ ದಿನಾಂಕ ತಪ್ಪು ನಡೆದ ದಿನದ್ದು. ಚಿಕ್ಕಪ್ಪ ಅದನ್ನೇ ಕೊನೆಯ ದಿನ ಅಂದುಕೊಂಡು, ಗಡುವು ಮುಗಿದೇ ಹೋಯ್ತು ಅಂತ ಗಾಬರಿಯಾಗಿದ್ದರು.

ಮೆಸೇಜ್ ಜೊತೆ ಬಂದ ಲಿಂಕ್ ಒತ್ತಬೇಡಿ ಅಂದೆ. ಚಲನ್ ಹೆಸರಲ್ಲಿ ಎಪಿಕೆ ಎಂಬ ಆ್ಯಪ್ ಫೈಲ್ ಕಳಿಸಿ ಖಾತೆ ಖಾಲಿ ಮಾಡುವವರು ಜಾಸ್ತಿಯಾಗಿದ್ದಾರೆ. ನಾನೇ ಬ್ರೌಸರಿನಲ್ಲಿ `echallan.parivahan.gov.in` ಎಂದು ಟೈಪ್ ಮಾಡಿ ಚಲನ್ ನಂಬರ್ ಹಾಕಿದೆ. ಚಲನ್ ಅಸಲಿಯೇ, ಇನ್ನೂ ಬಾಕಿ ಇತ್ತು. ಕಟ್ಟುವ ದಿನವೂ ಮುಗಿದಿರಲಿಲ್ಲ.

ಅಲ್ಲೇ ಕ್ಯಾಮೆರಾದ ಫೋಟೋ ಸಿಕ್ಕಿತು. ಗಾಡಿ ಕಪ್ಪು ಬಣ್ಣದ ಬೈಕ್! ಚಿಕ್ಕಪ್ಪನದು ಬಿಳಿ ಸ್ಕೂಟರ್. ಪ್ಲೇಟಿನ ಕೊನೆಯ ಅಂಕಿ 3, ಮೇಲೆ ಮಣ್ಣು ಮೆತ್ತಿಕೊಂಡು 8ರ ಹಾಗೆ ಕಾಣುತ್ತಿತ್ತು. ಸೆಕ್ಷನ್, ಮೊತ್ತ ಎಲ್ಲ ಸರಿಯಿದ್ದೂ ಗಾಡಿಯೇ ಬೇರೆ.

ಚಿಕ್ಕಪ್ಪನಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ದುಡ್ಡು ಕಟ್ಟಬೇಡಿ, ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಚಲನ್‌ನ ಫೋಟೋ, ಆರ್‌ಸಿ ಪ್ರತಿ, ನಂಬರ್ ಕಾಣುವ ಹಾಗೆ ನಿಮ್ಮ ಸ್ಕೂಟರಿನ ಫೋಟೋ, ಮೂರೂ ಜೊತೆಗಿರಲಿ. ಚಲನ್ ಹಾಕಿದ ಸಂಚಾರ ಪೊಲೀಸ್ ಕಚೇರಿಗೆ ಗಡುವಿನೊಳಗೆ ಬರವಣಿಗೆಯಲ್ಲೇ ದೂರು ಕೊಡಿ, ಸ್ವೀಕೃತಿ ಕೇಳಿ. ಅಷ್ಟರಲ್ಲಿ ಕೇಸು ವರ್ಚುವಲ್ ಕೋರ್ಟಿಗೆ ಹೋದರೆ `vcourts.gov.in`ನಲ್ಲಿ ಹುಡುಕಿ. ಅಲ್ಲಿ ದಂಡ ಕಟ್ಟುವುದು, ಕೇಸು ಎದುರಿಸುವುದು ಎಂದು ಎರಡು ಆಯ್ಕೆ ಇರುತ್ತವೆ. ಎದುರಿಸುತ್ತೇನೆ ಅಂದರೆ ಅದು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಓಡಾಟ ತಪ್ಪದು. ಹಾಗಾಗಿ ಪೊಲೀಸ್ ಕಚೇರಿಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಫೋಟೋದಲ್ಲಿ ಅವರೇ ಇದ್ದಿದ್ದರೆ ನಾನೂ ಅದೇ ಸೈಟಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ ಅಂತಿದ್ದೆ. ಸಾವಿರಕ್ಕೆ ಜಗಳ ಯಾಕೆ, ಅಲ್ವಾ?

ಕಚೇರಿಯಲ್ಲಿ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರು. ಮೂರು ವಾರದ ನಂತರ ಗಾಡಿ ನಂಬರ್ ಹಾಕಿದಾಗ ಬಾಕಿ ಏನೂ ಇರಲಿಲ್ಲ.