ಅಳತೆ ತಪ್ಪಿದರೆ ಗೆರೆ ಯಾಕೆ ಮಲಗುತ್ತದೆ?

ಉಪ್ಪು ಜಾಸ್ತಿ ತಿಂದರೆ ಬಿಪಿ ಎಷ್ಟು ಏರುತ್ತದೆ ಅಂತ ನೋಡಬೇಕು. ಆದರೆ ಯಾರು ಎಷ್ಟು ಉಪ್ಪು ತಿನ್ನುತ್ತಾರೆ ಅನ್ನುವುದನ್ನು ಒಂದೇ ದಿನ ಅಳೆದಿದ್ದೀರಿ. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಇರುತ್ತದೆ ಅಲ್ವಾ? ಈ ಏರುಪೇರು ಸರಾಸರಿಯಲ್ಲಿ ಹೊಂದಿಕೊಂಡು ಹೋಗುತ್ತದೆ ಅಂತ ಅನಿಸುತ್ತದೆ. ಸರಾಸರಿಯಲ್ಲಿ ಹೌದು, ಉಪ್ಪಿಗೆ ತಕ್ಕಂತೆ ಬಿಪಿ ಏರುವುದನ್ನು ತೋರಿಸಲು ಎಳೆಯುವ ಗೆರೆಯ ಇಳಿಜಾರಿನಲ್ಲಿ ಇಲ್ಲ.

ಮೊದಲು ಕೈಯಲ್ಲೇ ಲೆಕ್ಕ ಹಾಕಿ. ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಇಬ್ಬರು ನಿಜವಾಗಿ ದಿನಕ್ಕೆ 6 ಗ್ರಾಂ ತಿನ್ನುತ್ತಾರೆ, ಬಿಪಿ 120. ಇನ್ನಿಬ್ಬರು 10 ಗ್ರಾಂ, ಬಿಪಿ 124. ಗ್ರಾಂಗೆ ಒಂದರಂತೆ ಏರಿದೆ, ಅಂದರೆ ಗೆರೆಯ ಇಳಿಜಾರು ಹೇಳುವ ಗುಣಾಂಕ 1. ಈಗ ಪ್ರತಿ ಜೋಡಿಯಲ್ಲೂ ಒಬ್ಬರ ಅಳತೆ 2 ಗ್ರಾಂ ಕಡಿಮೆ, ಇನ್ನೊಬ್ಬರದು 2 ಗ್ರಾಂ ಜಾಸ್ತಿ ಬರಲಿ. ನಿಮ್ಮ ಪಟ್ಟಿಯಲ್ಲಿ 4, 8, 8, 12 ಇರುತ್ತದೆ. ಬಿಪಿ ಮಾತ್ರ ಹಾಗೇ ಇದೆ.

ಆರ್‌ನಲ್ಲಿ ಹೀಗೆ ಹಾಕಿ:

```r
x <- c(6, 6, 10, 10)
w <- x + c(-2, 2, -2, 2)
y <- 114 + x
coef(lm(y ~ w))
```

`w` ಮುಂದೆ ಬರುವ ಉತ್ತರ 0.5. ಅರ್ಧಕ್ಕೆ ಅರ್ಧ ಹೋಯಿತು!

ಕಾರಣ ತುದಿಗಳಲ್ಲಿದೆ. ಪಟ್ಟಿಯಲ್ಲಿ 12 ಅಂತ ಇರುವವರು ನಿಜವಾಗಿ ತಿನ್ನುವುದು 10 ಗ್ರಾಂ. ಅವರ ಬಿಪಿ ಹತ್ತು ಗ್ರಾಂನವರದೇ. ಹಾಗೇ 4ರವರು ನಿಜಕ್ಕೂ 6ರವರು. ಉಪ್ಪಿನ ಅಂಕಿ ಅಡ್ಡಕ್ಕೆ ಹರಡಿತು, ಬಿಪಿ ಅದರ ಜೊತೆ ಹೋಗಲಿಲ್ಲ. ಗೆರೆ ಮಲಗದೆ ಬೇರೆ ದಾರಿಯಿಲ್ಲ. ಬರೀ ಬಿಪಿಯ ಅಳತೆಯಲ್ಲಿ ಇಂಥದೇ ಏರುಪೇರು ಇದ್ದಿದ್ದರೆ ಇಳಿಜಾರು ಒಂದು ಕಡೆಗೆ ವಾಲುತ್ತಿರಲಿಲ್ಲ, ಅನಿಶ್ಚಿತತೆ ಮಾತ್ರ ಹೆಚ್ಚುತ್ತಿತ್ತು.

ಎಷ್ಟು ಮಲಗುತ್ತದೆ ಅನ್ನುವುದಕ್ಕೂ ಲೆಕ್ಕವಿದೆ. ಅಂಕಿಗಳು ಎಷ್ಟು ಹರಡಿವೆ ಅಂತ ಹೇಳುವುದು ವೇರಿಯನ್ಸ್. ನಿಜವಾದ ಉಪ್ಪಿನ ವೇರಿಯನ್ಸ್ 4, ಅಳತೆಯ ದೋಷದ್ದೂ 4, ಒಟ್ಟು 8. ನಿಜದ ಪಾಲು 4/8. ಗುಣಾಂಕ ಅಷ್ಟಕ್ಕೇ ಇಳಿಯುತ್ತದೆ. ಸಾವಿರಾರು ಜನರನ್ನು ಸೇರಿಸಿದರೂ ಈ ಪಾಲು ಬದಲಾಗುವುದಿಲ್ಲ. ತಪ್ಪು ಉತ್ತರವೇ ಇನ್ನಷ್ಟು ಖಚಿತವಾಗಿ ಕಾಣುತ್ತದೆ, ಅದು ನನಗೆ ಹೆಚ್ಚು ಭಯ.

ನಿಜದ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಅದೇ ಜನರನ್ನು ಬೇರೊಂದು ದಿನ ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸದ ವೇರಿಯನ್ಸ್ ತೆಗೆದು ಅರ್ಧ ಮಾಡಿದರೆ ದೋಷದ ವೇರಿಯನ್ಸ್ ಸಿಗುತ್ತದೆ. ಅದರಿಂದ ನಿಜದ ಪಾಲು ತಿಳಿಯುತ್ತದೆ. ಸಿಕ್ಕ ಗುಣಾಂಕವನ್ನು ಆ ಪಾಲಿನಿಂದ ಭಾಗಿಸಿ: 0.5 ಭಾಗಿಸು 0.5, ಮತ್ತೆ 1. ಪರಸ್ಪರ ಸಂಬಂಧದ ಅಂಕಿಯನ್ನು ಹೀಗೆ ತಿದ್ದುವ ದಾರಿಯನ್ನು ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಸುಮ್ನೆ ಎರಡು ದಿನದ ಸರಾಸರಿ ಬಳಸಿದರೆ ದೋಷದ ವೇರಿಯನ್ಸ್ 2ಕ್ಕೆ ಇಳಿದು ಗುಣಾಂಕ ಸುಮಾರು 0.67 ಬರುತ್ತದೆ. ಪೂರ್ತಿ ವಾಸಿಯಾಗಲಿಲ್ಲ.

ಇದೆಲ್ಲ ನಡೆಯುವುದು ದೋಷಕ್ಕೂ ನಿಜವಾದ ಅಳತೆಗೂ ನಂಟಿಲ್ಲದಾಗ, ಎರಡು ದಿನದ ದೋಷಗಳಿಗೂ ನಂಟಿಲ್ಲದಾಗ. ಜಾಸ್ತಿ ತಿನ್ನುವವರೇ ಬೇಕಂತ ಕಡಿಮೆ ಹೇಳಿದರೆ ಪಟ್ಟಿಯ ಅಂಕಿಗಳು ಒತ್ತಿಕೊಂಡು ಹತ್ತಿರ ಬರುತ್ತವೆ. ಆಗ ಗೆರೆ ಮಲಗುವ ಬದಲು ನಿಜಕ್ಕಿಂತ ಕಡಿದಾಗಲೂಬಹುದು.